ತಮ್ಮನ ಐಡಿ ಹೋಯಿತು, ಹಿಂದೆಯೇ ಅಕ್ಕನದೂ ಹೋಯಿತು: ಒಂದೇ ಫೋನು, ಎರಡು ಖಾತೆ, ಒಂದು ಬ್ಯಾನ್

ದಾವಣಗೆರೆಯಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದಾಗ ರಾತ್ರಿ ಹತ್ತೂವರೆ. ಅಳು ಬರುವುದೊಂದೇ ಬಾಕಿ. "ಅಣ್ಣ, ನನ್ ಐಡಿ ಬ್ಯಾನ್ ಆಗಿದೆ. ಹ್ಯಾಕ್ ಹಾಕಿದ್ದು ತಮ್ಮ. ಅವನ ಐಡಿ ಹೋಯ್ತು, ಹೋಗ್ಲಿ ಬಿಡು. ನಂದ್ಯಾಕೆ ತೆಗೀಬೇಕು? ಒಂದೇ ಫೋನಲ್ಲಿ ಆಡಿದ್ದೇ ತಪ್ಪಾ?"

ಆಟ ಯಾವುದು ಎಂಬುದು ಇಲ್ಲಿ ಬೇಡ. ಅವಳು ನನಗೇ ಫೋನ್ ಮಾಡಿದ್ದಕ್ಕೆ ಕಾರಣವಿದೆ. ಬೆಂಗಳೂರಿನ ಒಂದು ಕಚೇರಿಯಲ್ಲಿ ಮೂರು ವರ್ಷ ನಾನು ಮಾಡಿದ ಕೆಲಸವೇ ಇದು: ಬೇರೊಂದು ಆ್ಯಪ್‌ನಲ್ಲಿ ಬ್ಯಾನ್ ಆದವರ ಅಪೀಲು ಓದುವುದು, ಖಾತೆಯ ಇತಿಹಾಸ ತೆರೆದು ನೋಡುವುದು, ಬಿಡಬೇಕೋ ಬೇಡವೋ ಎಂದು ಗುಂಡಿ ಒತ್ತುವುದು. "ನಾನಲ್ಲ, ನನ್ನ ತಮ್ಮ" ಎಂಬ ವಾಕ್ಯವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಎಷ್ಟೋ ಸುಳ್ಳು. ಆದರೆ ನಿಜವೂ ಇರುತ್ತಿತ್ತು, ಮತ್ತು ನಿಜ ಹೇಳುವವರೇ ಹೆಚ್ಚಾಗಿ ಸೋಲುತ್ತಿದ್ದರು. ಬಿದ್ದಿರುವುದು ಯಾವ ಬ್ಯಾನ್ ಎಂದೇ ಅವರಿಗೆ ಗೊತ್ತಿರುತ್ತಿರಲಿಲ್ಲ.

ಹಾಗಾಗಿ ಅವಳನ್ನು ಮೊದಲು ಕೇಳಿದ್ದು, "ಸ್ಕ್ರೀನ್ ಮೇಲೆ ಏನು ಬರುತ್ತಿದೆ, ಅಕ್ಷರಕ್ಕಕ್ಷರ ಓದು" ಎಂದು.

ಒಂದೇ ಫೋನಿನಲ್ಲಿ ಎರಡನೇ ಖಾತೆ ಹೋಗುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಮೊದಲನೆಯದು ಡಿವೈಸ್ ಬ್ಯಾನ್. ಇಲ್ಲಿ ಕಂಪನಿ ಫೋನನ್ನೇ ಪಟ್ಟಿಗೆ ಸೇರಿಸಿರುತ್ತದೆ. ಅದರಲ್ಲಿ ಯಾರ ಖಾತೆಯಿಂದ ಒಳಗೆ ಹೋದರೂ ಬಾಗಿಲು ತೆರೆಯುವುದಿಲ್ಲ. ನಮ್ಮಲ್ಲಿ ಈ ಪದ ಹುಡುಗರ ಬಾಯಿಗೆ ಬಂದದ್ದು 2021ರ ಡಿಸೆಂಬರ್‌ನಲ್ಲಿ, ಬಿಜಿಎಂಐ ಆಟದ ಕ್ರಾಫ್ಟನ್ ಕಂಪನಿ ಕಳ್ಳ ಪ್ರೋಗ್ರಾಂ ಬಳಸಿದ ಫೋನುಗಳನ್ನೇ ಶಾಶ್ವತವಾಗಿ ಬ್ಯಾನ್ ಮಾಡುತ್ತೇವೆ ಎಂದು ಘೋಷಿಸಿದಾಗ. ಎರಡನೆಯದು ಬ್ಯಾನ್ ಇವೇಷನ್, ಅಂದರೆ ಬ್ಯಾನ್ ಆದವನು ಇನ್ನೊಂದು ಖಾತೆಯಲ್ಲಿ ನುಸುಳಿ ಬರುವುದು. ಇಲ್ಲಿ ಫೋನು ಬರೀ ಸಾಕ್ಷಿ. ಆರೋಪ ಇರುವುದು ಮನುಷ್ಯನ ಮೇಲೆ. ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ: ತಮ್ಮ ಹಾಕಿದ ಹ್ಯಾಕ್ ಆ್ಯಪ್ ಇನ್ನೂ ಫೋನಿನಲ್ಲೇ ಕುಳಿತಿದೆ. ಅಕ್ಕ ತನ್ನ ಖಾತೆಯಿಂದ ಆಟ ತೆರೆಯುತ್ತಾಳೆ, ಆಟದ ಕಾವಲು ಪ್ರೋಗ್ರಾಂ ಪಕ್ಕದಲ್ಲಿ ಓಡುತ್ತಿರುವ ಆ ಆ್ಯಪನ್ನು ನೋಡುತ್ತದೆ, ಅವಳ ಹೆಸರಿನಲ್ಲೇ ಹೊಸ ಕೇಸು ಬರೆಯುತ್ತದೆ. ತಮ್ಮನ ಬ್ಯಾನ್‌ಗೂ ಇದಕ್ಕೂ ದಾಖಲೆಯಲ್ಲಿ ಸಂಬಂಧವೇ ಇರುವುದಿಲ್ಲ.

ಬೇರ್ಪಡಿಸಿ ತಿಳಿಯಲು ಇರುವ ಮೊದಲ ಸುಳಿವು ಸಂದೇಶದ ಮಾತು. "ಈ ಸಾಧನದಲ್ಲಿ ಸೇವೆ ಲಭ್ಯವಿಲ್ಲ" ಎಂಬ ಅರ್ಥ ಬಂದರೆ ಮೊದಲನೆಯದು. "ಈ ಹಿಂದೆ ನಿಷೇಧಿಸಿದ ಖಾತೆಗೆ ಸಂಬಂಧಿಸಿದೆ" ಎಂಬ ಧಾಟಿ ಇದ್ದರೆ ಎರಡನೆಯದು. "ಅನಧಿಕೃತ ಪ್ರೋಗ್ರಾಂ" ಎಂದಿದ್ದರೆ ಮೂರನೆಯದನ್ನೂ ಅನುಮಾನಿಸಬೇಕು. ಅವಳ ಪರದೆಯಲ್ಲಿ ಇದ್ದದ್ದು ಎರಡನೆಯ ಬಗೆ.

ಇನ್ನೊಂದು ಸುಳಿವು ಹುಡುಕಲು ಎಲ್ಲರೂ ಮಾಡುವ ಕೆಲಸವನ್ನು ಅವಳೂ ಮಾಡಲು ಹೊರಟಿದ್ದಳು. "ಗೆಳತಿ ಐಡಿ ಹಾಕಿ ನೋಡ್ತೀನಿ, ನಮ್ ಫೋನಲ್ಲಿ ಓಪನ್ ಆಗುತ್ತಾ ಅಂತ." ಬೇಡವೇ ಬೇಡ ಎಂದೆ. ಫೋನು ಗುರುತಾಗಿದ್ದರೆ ಆ ಗೆಳತಿಯ ಖಾತೆಗೂ ಇದೇ ಫೋನಿನ ನಂಟು ಅಂಟಿಕೊಳ್ಳುತ್ತದೆ. ಪರೀಕ್ಷೆಗೆಂದು ಹೊಸ ಖಾತೆ ತೆರೆದರಂತೂ ನಿಯಮದ ಕಣ್ಣಿನಲ್ಲಿ ಅದು ಪರೀಕ್ಷೆಯಲ್ಲ, ಇನ್ನೊಂದು ಇವೇಷನ್. ಅಪೀಲು ಓದುವವರ ಮುಂದೆ ಎರಡರ ಬದಲು ನಾಲ್ಕು ಖಾತೆಗಳ ಸಾಲು ನಿಲ್ಲುತ್ತದೆ.

ನಿಯಮಕ್ಕೆ ಬರೋಣ. ಜನ ಅಂದುಕೊಂಡಿರುವುದು ಬ್ಯಾನ್ ಆಗುವುದು ಖಾತೆ ಎಂದು. ನಿಯಮ ಬರೆದವರ ಪ್ರಕಾರ ಬ್ಯಾನ್ ಆಗುವುದು ಆ ಖಾತೆಯ ಹಿಂದಿರುವ ವ್ಯಕ್ತಿ. ಇದೊಂದು ವ್ಯತ್ಯಾಸ ತಲೆಗೆ ಹೋದರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ರೆಡಿಟ್‌ನಲ್ಲಿ ಒಬ್ಬರು ಹತ್ತು ಖಾತೆ ಇಟ್ಟುಕೊಂಡರೂ ತಪ್ಪಲ್ಲ. ಆದರೆ ಒಂದು ಸಮುದಾಯದಿಂದ ಬ್ಯಾನ್ ಆದ ಮೇಲೆ ಉಳಿದ ಒಂಬತ್ತರಲ್ಲಿ ಯಾವುದರಿಂದ ಅದೇ ಸಮುದಾಯಕ್ಕೆ ಹೋಗಿ ಬರೆದರೂ ಅದು ಇವೇಷನ್, ಮತ್ತು ಆಗ ಶಿಕ್ಷೆ ಕೊಡುವುದು ಆ ಸಮುದಾಯದವರಲ್ಲ, ರೆಡಿಟ್ಟೇ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕೂಡ ಶಿಕ್ಷೆ ತಪ್ಪಿಸಿಕೊಳ್ಳಲು ತೆರೆದ ಖಾತೆಗಳನ್ನು ತೆಗೆಯುವುದಾಗಿ ಹೇಳುತ್ತದೆ. "ನನ್ನ ಎರಡನೇ ಐಡಿ ಹೊಸದಲ್ಲ, ಮೂರು ವರ್ಷದಿಂದ ಇದೆ" ಎಂದು ವಾದಿಸುವವರು ಇಲ್ಲೇ ಎಡವುತ್ತಾರೆ. ಎಷ್ಟೋ ಕಡೆ ನಿಯಮ ಖಾತೆ ಯಾವಾಗ ತೆರೆದದ್ದು ಎಂದು ಕೇಳುವುದಿಲ್ಲ. ಬ್ಯಾನ್ ಆದ ಮೇಲೆ ಅದನ್ನು ಬಳಸಿದಿರಾ ಎಂದು ಕೇಳುತ್ತದೆ.

ಇನ್ನೂ ಕಠಿಣ ರೂಪ ನೋಡಬೇಕಾದರೆ ಗೂಗಲ್ ಪ್ಲೇಗೆ ಆ್ಯಪ್ ಹಾಕುವವರನ್ನು ಕೇಳಬೇಕು. 25 ಡಾಲರ್ ಕಟ್ಟಿ ಡೆವಲಪರ್ ಖಾತೆ ತೆರೆದವರಿಗೆ ಒಂದು ದಿನ ಬರುವ ಪತ್ರದಲ್ಲಿ, ಈ ಖಾತೆ "ಅಥವಾ ಸಂಬಂಧಿತ, ಈ ಮೊದಲು ಮುಚ್ಚಿಸಿದ ಖಾತೆಗಳ" ಉಲ್ಲಂಘನೆಯ ಕಾರಣ ಮುಚ್ಚಲಾಗಿದೆ ಎಂಬ ಸಾಲು ಇರುತ್ತದೆ. ಸಂಬಂಧಿತ ಎಂದರೆ ಯಾವುದು, ಸಂಬಂಧ ಹೇಗೆ ಬಂತು ಎಂದು ಹೇಳುವುದಿಲ್ಲ. ಹಿಂದೆ ಬ್ಯಾನ್ ಆಗಿದ್ದ ಒಬ್ಬ ಫ್ರೀಲಾನ್ಸರ್‌ಗೆ ಕಂಪನಿಯ ಡೆವಲಪರ್ ಖಾತೆಗೆ ಪ್ರವೇಶ ಕೊಟ್ಟು, ಅವನ ಲ್ಯಾಪ್‌ಟಾಪ್‌ನಿಂದ ಲಾಗಿನ್ ಆಗಿ, ಇಡೀ ಕಂಪನಿಯ ಖಾತೆ ಕಳೆದುಕೊಂಡೆವು ಎನ್ನುವ ಸಣ್ಣ ಡೆವಲಪರ್‌ಗಳ ಅಳಲು ವರ್ಷಗಳಿಂದ ಕೇಳಿಬರುತ್ತಿದೆ. ಆಟವಾಡುವ ಹುಡುಗನಿಗೆ ಹೋಗುವುದು ಬಣ್ಣದ ಅಂಗಿ, ಬಂದೂಕಿನ ಅಲಂಕಾರದ ಹೊದಿಕೆ. ಇಲ್ಲಿ ಹೋಗುವುದು ಹೊಟ್ಟೆಪಾಡು. ಹಿಂದೆ ಕೆಲಸ ಮಾಡುವ ತರ್ಕ ಮಾತ್ರ ಒಂದೇ.

ತರ್ಕ ಸರಿ, ವ್ಯಕ್ತಿಯನ್ನೇ ಹಿಡಿಯಬೇಕು. ಆದರೆ ಕಂಪನಿಗೆ ವ್ಯಕ್ತಿ ಕಾಣುವುದಿಲ್ಲ. ಕಾಣುವುದು ಫೋನು. ಹಾಗಾಗಿ ಫೋನನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾರೆ ಎಂದು ಸ್ವಲ್ಪ ನೋಡಬೇಕು.

ಎಲ್ಲರೂ ಹೇಳುವುದು "ಐಎಂಇಐ ಬ್ಯಾನ್" ಎಂದು. *#06# ಒತ್ತಿದರೆ ಬರುವ ಆ 15 ಅಂಕಿಯ ಸಂಖ್ಯೆ. ಒಂದು ಕಾಲದಲ್ಲಿ ಆ್ಯಪ್‌ಗಳು ಅನುಮತಿ ಕೇಳಿ ಅದನ್ನು ಓದುತ್ತಿದ್ದವು. 2019ರ ಆ್ಯಂಡ್ರಾಯ್ಡ್ 10ರಿಂದ ಪ್ಲೇ ಸ್ಟೋರ್‌ನಿಂದ ಇಳಿಸಿದ ಸಾಮಾನ್ಯ ಆ್ಯಪ್‌ಗೆ ಅದು ಸಿಗುವುದಿಲ್ಲ. ಐಪಿ ವಿಳಾಸವೂ ಅಷ್ಟಕ್ಕಷ್ಟೇ. ನಮ್ಮಲ್ಲಿ ಮೊಬೈಲ್ ಡೇಟಾ ಬಳಸುವವರಲ್ಲಿ ಬಹಳ ಜನ ಒಂದೇ ಹೊರವಿಳಾಸದ ಹಿಂದೆ ಇರುತ್ತಾರೆ. ಅದನ್ನು ನಂಬಿ ಬ್ಯಾನ್ ಮಾಡಿದರೆ ಅರ್ಧ ಬಡಾವಣೆ ಹೋಗುತ್ತದೆ. ಬಳಕೆಯಲ್ಲಿರುವುದು ಬೇರೆ. ಆ್ಯಂಡ್ರಾಯ್ಡ್ 8ರಿಂದ ಈಚೆಗೆ ಪ್ರತಿ ಫೋನು ಪ್ರತಿ ಆ್ಯಪ್ ತಯಾರಕರಿಗೆ ಬೇರೆ ಬೇರೆಯಾದ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಆ್ಯಪ್ ತೆಗೆದು ಮತ್ತೆ ಹಾಕಿದರೂ ಅದು ಬದಲಾಗುವುದಿಲ್ಲ. "ಡಿಲೀಟ್ ಮಾಡಿ ಇನ್‌ಸ್ಟಾಲ್ ಮಾಡಿದ್ರೂ ಕಂಡುಹಿಡೀತಾರೆ" ಎಂಬ ಅಚ್ಚರಿಗೆ ಇಷ್ಟೇ ಕಾರಣ.

ಪೂರ್ತಿ ಫೋನನ್ನೇ ಫ್ಯಾಕ್ಟರಿ ರೀಸೆಟ್ ಮಾಡಿದರೆ ಆ ಸಂಖ್ಯೆ ಬದಲಾಗಬಹುದು. ಆಗಲೂ ಉಳಿಯುವ ಒಂದು ಗುರುತು ಇದೆ, ನನಗೆ ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕುತೂಹಲದ್ದು ಅದೇ. 2017ರಲ್ಲಿ ಆಪಲ್ ಡಿವೈಸ್‌ಚೆಕ್ ಎಂಬ ಸೌಲಭ್ಯ ತಂದಿತು. ಪ್ರತಿ ಐಫೋನಿಗೆ, ಪ್ರತಿ ಆ್ಯಪ್ ತಯಾರಕರಿಗೆ ಎರಡೇ ಎರಡು ಬಿಟ್ ಬರೆದಿಡುವ ಅವಕಾಶ. ಅವು ಫೋನಿನಲ್ಲಿ ಇರುವುದಿಲ್ಲ, ಆಪಲ್‌ನ ಸರ್ವರ್‌ನಲ್ಲಿ ಇರುತ್ತವೆ. ಕಂಪನಿ ವಿಚಾರಿಸಿದರೆ ಬರುವ ಉತ್ತರ ಇಷ್ಟು:

```
{
  "bit0": true,
  "bit1": false,
  "last_update_time": "2024-03"
}
```

ಹೆಸರಿಲ್ಲ, ಫೋನ್ ನಂಬರಿಲ್ಲ, ಯಾವ ಖಾತೆ ಎಂದಿಲ್ಲ. ಹೌದು ಅಥವಾ ಅಲ್ಲ, ಎರಡು ಸಲ. ಜೊತೆಗೆ ಕೊನೆಗೆ ಬದಲಾಯಿಸಿದ ವರ್ಷ, ತಿಂಗಳು. ಮೊದಲ ಬಿಟ್‌ಗೆ "ಇಲ್ಲಿ ಮೋಸ ನಡೆದಿತ್ತು" ಎಂಬ ಅರ್ಥ ಕೊಡುವುದು ಕಂಪನಿಗೆ ಬಿಟ್ಟದ್ದು. ಫೋನನ್ನು ಅಳಿಸಿ ಹೊಸದಾಗಿ ಶುರು ಮಾಡಿದರೂ ಈ ಗೀಟು ಹಾಗೇ ಇರುತ್ತದೆ. ಗೂಗಲ್ ಕೂಡ ಈಚೆಗೆ ಪ್ಲೇ ಇಂಟೆಗ್ರಿಟಿ ಎಂಬ ತನ್ನ ವ್ಯವಸ್ಥೆಯಲ್ಲಿ ಇಂಥದ್ದೇ ಮೂರು ಬಿಟ್ ಕೊಡತೊಡಗಿದೆ. ನಮ್ಮ ಕಡೆ ಅಂಗಡಿಯವರು ಉದ್ರಿ ತೀರಿಸದವರ ಹೆಸರಿನ ಮುಂದೆ ಒಂದು ಚುಕ್ಕಿ ಇಡುತ್ತಾರಲ್ಲ, ಅದೇ. ಒಂದೇ ತೊಂದರೆ ಏನೆಂದರೆ ಇಲ್ಲಿ ಚುಕ್ಕಿ ಬಿದ್ದಿರುವುದು ಹೆಸರಿನ ಮುಂದಲ್ಲ, ಅಂಗಡಿಗೆ ತಂದ ಚೀಲದ ಮೇಲೆ. ನಾಳೆ ಆ ಚೀಲ ಹಿಡಿದು ಯಾರು ಬಂದರೂ ಉದ್ರಿ ಸಿಗುವುದಿಲ್ಲ.

ಫೋನು ಗುರುತಾದದ್ದರಿಂದ "ಎರಡೂ ಖಾತೆ ಒಂದೇ ಯಂತ್ರದಲ್ಲಿ ತೆರೆದಿವೆ" ಎಂಬುದು ಖಚಿತವಾಗುತ್ತದೆ. "ಎರಡೂ ಒಬ್ಬನದೇ" ಎಂಬುದು ಆಗುವುದಿಲ್ಲ. ಎರಡನೆಯದನ್ನು ಬೇರೆ ಸುಳಿವುಗಳಿಂದ ಊಹಿಸಬೇಕು, ಅಪೀಲು ಓದುವ ಕೆಲಸವೆಂದರೆ ಬಹುಪಾಲು ಇದೇ. ನಮ್ಮ ಪರದೆಯ ಎಡಕ್ಕೆ ಬ್ಯಾನ್ ಆದ ಖಾತೆ, ಬಲಕ್ಕೆ ಎರಡನೆಯದು. ನಾನು ಮೊದಲು ನೋಡುತ್ತಿದ್ದದ್ದು ಗಡಿಯಾರ. ಬ್ಯಾನ್ ಬಿದ್ದ ಇಪ್ಪತ್ತು ನಿಮಿಷಕ್ಕೆ ಹೊಸ ಖಾತೆ ಹುಟ್ಟಿದ್ದರೆ ಬೇರೇನೂ ನೋಡಬೇಕಾಗಿರಲಿಲ್ಲ. ಆಮೇಲೆ ಗೆಳೆಯರ ಪಟ್ಟಿ. ಫೋನು ಹಂಚಿಕೊಂಡ ಅಕ್ಕ ತಮ್ಮಂದಿರ ಗೆಳೆಯರು ಬೇರೆ ಬೇರೆ ಇರುತ್ತಾರೆ; ಒಬ್ಬನೇ ಎರಡು ಖಾತೆ ನಡೆಸಿದರೆ ಹೊಸ ಖಾತೆಯ ಮೊದಲ ಐದು ಗೆಳೆಯರು ಹಳೆಯದರ ಅದೇ ಐವರು. ಆಮೇಲೆ ದುಡ್ಡು: ಎರಡರಲ್ಲೂ ಖರೀದಿ ಒಂದೇ ಗೂಗಲ್ ಖಾತೆಯಿಂದಲೋ, ಬೇರೆಯದರಿಂದಲೋ. ಆಮೇಲೆ ಹೊತ್ತು: ಕಾಲೇಜಿಗೆ ಹೋಗುವವಳು ಮಧ್ಯಾಹ್ನದ ಬಿಡುವಿನಲ್ಲಿ ಆಡುತ್ತಾಳೆ, ಹೈಸ್ಕೂಲಿನವನು ಸಂಜೆ ಆರರ ಮೇಲೆ.

ಇವೆಲ್ಲವನ್ನೂ ಮನುಷ್ಯರೇ ನೋಡಿದರೆ ತಪ್ಪು ಕಡಿಮೆಯಾಗುತ್ತದೆ. ಆದರೆ ಮೊದಲ ತೀರ್ಪು ಕೊಡುವುದು ಯಂತ್ರ, ಸುಳಿವುಗಳಿಗೆ ಅಂಕ ಹಾಕಿ, ಒಂದು ಗೆರೆ ದಾಟಿದರೆ ಬ್ಯಾನ್. ಆ ಗೆರೆ ಎಲ್ಲಿ ಎಳೆಯಬೇಕು ಎನ್ನುವಲ್ಲಿ ಕಂಪನಿಯ ಲೆಕ್ಕ ಹೀಗಿರುತ್ತದೆ: ನೂರು ಜನರ ಪಂದ್ಯಕ್ಕೆ ಒಬ್ಬ ಹ್ಯಾಕರ್ ಮತ್ತೆ ನುಸುಳಿದರೆ ತೊಂಬತ್ತೊಂಬತ್ತು ಜನರ ಆಟ ಕೆಡುತ್ತದೆ, ಒಬ್ಬಳು ಅಕ್ಕ ತಪ್ಪಾಗಿ ಹೋದರೆ ಬರುವುದು ಒಂದು ಅಪೀಲು. ಅವರ ದೃಷ್ಟಿಯಲ್ಲಿ ಲೆಕ್ಕ ಸರಿಯೇ. ಆದರೆ ಒಬ್ಬರಿಗೆ ಒಂದು ಫೋನು ಎಂದು ಅಂದುಕೊಂಡು ಹಾಕಿದ ಲೆಕ್ಕ ಅದು. ಒಂದು ಫೋನಿನಲ್ಲಿ ಅಮ್ಮನ ವಾಟ್ಸಾಪ್, ಅಕ್ಕನ ನೋಟ್ಸು, ತಮ್ಮನ ಆಟ ಮೂರೂ ಇರುವ ಮನೆಗಳಲ್ಲಿ ಅದು ಬೇರೆ ಊರಿಗಿಂತ ಹೆಚ್ಚು ತಪ್ಪುತ್ತದೆ ಎಂಬುದು ನನ್ನ ಅನುಭವ. ಗೆರೆಯನ್ನು ಅದಕ್ಕೆ ತಕ್ಕಂತೆ ಸರಿಸಬೇಕು ಎಂದು ನಾವು ಕೆಲವರು ಹೇಳುತ್ತಿದ್ದೆವು. ಮೀಟಿಂಗ್‌ನಲ್ಲಿ ತಲೆಯಾಡಿಸುತ್ತಿದ್ದರು.

ಈಗ ದಾವಣಗೆರೆಯ ಮನೆಗೆ ಮರಳೋಣ. ಅವಳ ಖಾತೆ 2021ರದು. ತಮ್ಮನದು ಒಂದು ವರ್ಷದ್ದು. ಇಬ್ಬರ ಗೂಗಲ್ ಖಾತೆ ಬೇರೆ. ಅವಳು ಎರಡು ಸಲ ತನ್ನ ದುಡ್ಡಿನಲ್ಲಿ ಏನೋ ಕೊಂಡಿದ್ದಳು. ಕೇಳಿದರೆ ಸುಲಭದ ಕೇಸು ಅನ್ನಿಸಿತು. ಆದರೂ ಅಭ್ಯಾಸಬಲ, "ಆಟದೊಳಗೆ ಮ್ಯಾಚ್ ಹಿಸ್ಟರಿ ಇನ್ನೂ ಕಾಣುತ್ತಾ? ನೋಡು, ಕೊನೆಯ ನಾಲ್ಕು ದಿನದ್ದು ಓದು" ಎಂದೆ. ಅವಳ ಖಾತೆ ತೆರೆಯುತ್ತಿರಲಿಲ್ಲ. ಆದರೆ ಅವಳ ಗೆಳತಿಯೊಬ್ಬಳು ತನ್ನ ಫೋನಿನಲ್ಲಿ ತನ್ನ ಖಾತೆಯಿಂದಲೇ ಇವಳ ಪ್ರೊಫೈಲ್ ತೆರೆದು ಸ್ಕ್ರೀನ್‌ಶಾಟ್ ಕಳಿಸಿದಳು.

ಭಾನುವಾರ ರಾತ್ರಿ ತಮ್ಮ, ಗುರಿ ತಾನೇ ಹಿಡಿಯುವ ಒಂದು ಆ್ಯಪ್ ಹಾಕಿ ಆಡಿದ್ದ. ಸೋಮವಾರ ಬೆಳಗ್ಗೆ ಅವನ ಖಾತೆ ಬ್ಯಾನ್. 7:20ಕ್ಕೆ ಹೊಸ ಖಾತೆ ತೆರೆದ. ಊಟದ ಹೊತ್ತಿಗೆ ಅದೂ ಹೋಯಿತು. ಇಲ್ಲಿಯವರೆಗೆ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಸ್ಕ್ರೀನ್‌ಶಾಟ್‌ನಲ್ಲಿತ್ತು: ಸೋಮವಾರ ರಾತ್ರಿ 11:40ರಿಂದ ಅವಳ ಖಾತೆಯಲ್ಲಿ ಮೂರು ಪಂದ್ಯ, ತಂಡದಲ್ಲಿ ತಮ್ಮನ ಕ್ಲಾಸಿನ ಮೂವರು. ಆ ಹೊತ್ತಿಗೆ ಅವಳು ಮಲಗಿದ್ದಳು. ಮಂಗಳವಾರ ಮಧ್ಯಾಹ್ನ ಬ್ಯಾನ್.

ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದೂರದಿಂದ ಅವಳ ದನಿ, "ಲೇ, ಬಾರೋ ಇಲ್ಲಿ."

ಕೇಸಿನ ಬಣ್ಣವೇ ಬದಲಾಯಿತು. ತಮ್ಮ ತನ್ನ ಖಾತೆಯಿಂದ ಅಕ್ಕನ ಫೋನಿನಲ್ಲಿ ಆಡುವುದು ಒಂದು. ತಮ್ಮ ಅಕ್ಕನ ಖಾತೆಯಿಂದಲೇ ಆಡುವುದು ಇನ್ನೊಂದು. ಮೊದಲನೆಯದರಲ್ಲಿ ಅವಳು ಪೂರ್ತಿ ನಿರಪರಾಧಿ, ಯಂತ್ರ ತಪ್ಪಿದೆ. ಎರಡನೆಯದರಲ್ಲಿ ಯಂತ್ರ ಹೇಳಿದ್ದು ನಿಜ: ಬ್ಯಾನ್ ಆದ ಮನುಷ್ಯ ಬೇರೆ ಖಾತೆಯಿಂದ ಒಳಗೆ ಬಂದಿದ್ದಾನೆ. ಆ ಖಾತೆ ಇನ್ನೊಬ್ಬರದು ಎಂಬುದಷ್ಟೇ ಅದಕ್ಕೆ ತಿಳಿದಿಲ್ಲ. ಮೇಲಾಗಿ ಹೆಚ್ಚಿನ ಆಟಗಳ ನಿಯಮದಲ್ಲಿ ಖಾತೆಯಲ್ಲಿ ನಡೆದದ್ದಕ್ಕೆಲ್ಲ ಮಾಲೀಕರೇ ಹೊಣೆ. ಪಾಸ್‌ವರ್ಡ್ ಹಂಚಿಕೊಳ್ಳುವುದೇ ತಪ್ಪು. ಅವಳು ಹಂಚಿಕೊಂಡಿರಲಿಲ್ಲ. ಫೋನಿನಲ್ಲಿ ಲಾಗಿನ್ ಆಗಿಯೇ ಇತ್ತು, ಅಷ್ಟೇ.

ಅವಳು ಆಗಲೇ ಒಂದು ಅಪೀಲು ಕಳಿಸಿಬಿಟ್ಟಿದ್ದಳು: ನಾನು ಯಾವತ್ತೂ ತಪ್ಪು ಮಾಡಿಲ್ಲ, ನನ್ನ ಖಾತೆಯನ್ನು ನನ್ನ ಹೊರತು ಯಾರೂ ಮುಟ್ಟಿಲ್ಲ, ದಯವಿಟ್ಟು ಬಿಡಿ. ಎರಡು ದಿನದಲ್ಲಿ ಅಚ್ಚು ಹೊಡೆದ ಉತ್ತರ ಬಂತು, ಮರುಪರಿಶೀಲಿಸಿದ್ದೇವೆ, ತೀರ್ಮಾನ ಬದಲಿಲ್ಲ ಎಂದು. ಓದಿದವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಯಾರೂ ಮುಟ್ಟಿಲ್ಲ ಎಂಬ ಮಾತು, ಪಕ್ಕದಲ್ಲೇ 11:40ರ ಪಂದ್ಯ, ತಂಡದಲ್ಲಿ ಬ್ಯಾನ್ ಆದವನ ಗೆಳೆಯರು. ಅವಳ ಅಪೀಲೇ ಅವಳ ವಿರುದ್ಧದ ಸಾಕ್ಷಿಯಾಯಿತು.

ಎರಡನೆಯದನ್ನು ಕೂತು ಬರೆದೆವು. ಇಂಗ್ಲಿಷಿನಲ್ಲಿ, ಅರ್ಧ ಪುಟ. ಮೊದಲ ಸಾಲಿನಲ್ಲೇ ಒಪ್ಪಿಗೆ: ಈ ಫೋನನ್ನು ಇಬ್ಬರು ಬಳಸುತ್ತೇವೆ; ಬ್ಯಾನ್ ಆದ ಮೊದಲ ಖಾತೆ, ಸೋಮವಾರ ತೆರೆದ ಎರಡನೆಯ ಖಾತೆ, ಎರಡೂ 15 ವರ್ಷದ ನನ್ನ ತಮ್ಮನವು, ಅವುಗಳ ಐಡಿ ಇಂತಿಂಥವು. ಆ ಬ್ಯಾನ್‌ಗಳ ಬಗ್ಗೆ ನನ್ನ ತಕರಾರಿಲ್ಲ. ಸೋಮವಾರ ರಾತ್ರಿಯ ಮೂರು ಪಂದ್ಯ ಅವನು ನನ್ನ ಖಾತೆಯಿಂದ, ನನಗೆ ತಿಳಿಯದೆ ಆಡಿದ್ದು. ಅದಕ್ಕೆ ಮೊದಲು ಖಾತೆ ನನ್ನದೇ ಎನ್ನುವುದಕ್ಕೆ ಖರೀದಿಯ ಎರಡು ರಸೀದಿ ಇವೆ. ಹ್ಯಾಕ್ ಆ್ಯಪ್ ತೆಗೆದಿದ್ದೇನೆ, ಪಾಸ್‌ವರ್ಡ್ ಬದಲಿಸಿದ್ದೇನೆ, ತಮ್ಮನಿಗೆ ಇನ್ನು ಈ ಖಾತೆ ಸಿಗುವುದಿಲ್ಲ.

ರಸೀದಿ ಎಂದರೆ ಗೂಗಲ್ ಪ್ಲೇ ಖರೀದಿಯಾದಾಗ ಮೇಲ್‌ಗೆ ಬರುವ ಪತ್ರ. ಅದರಲ್ಲಿ GPA ಎಂದು ಶುರುವಾಗುವ ಆರ್ಡರ್ ಸಂಖ್ಯೆ ಇರುತ್ತದೆ. ಹಳೆಯ ಮೇಲ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಸಾಮಾನ್ಯರ ಕೈಯಲ್ಲಿಲ್ಲ. ಆಧಾರ್ ಕಾರ್ಡಿನ ಫೋಟೋ ಕಳಿಸುವವರು ಬಹಳ. ಅದು ನೀವು ಯಾರು ಎಂದು ಹೇಳುತ್ತದೆಯೇ ಹೊರತು ಖಾತೆ ನಿಮ್ಮದು ಎಂದಲ್ಲ. ಕೇಳದೆ ಕಳಿಸಲೇಬಾರದು. ಒಪ್ಪಿಕೊಳ್ಳುವುದರಿಂದ ಕೆಲಸ ಕೆಡುತ್ತದೆ ಎಂಬ ಭಯವೂ ಬಹಳ ಜನಕ್ಕಿದೆ. ಓದುವವರಿಗೆ ಲಾಗಿನ್ ದಾಖಲೆ ಮೊದಲೇ ಕಾಣುತ್ತಿರುತ್ತದೆ. ಅದರ ಜೊತೆ ಹೊಂದುವ ಕಥೆ ಹೇಳಿದರೆ ಅವರಿಗೆ ಬಿಡುಗಡೆ ಮಾಡಲು ಒಂದು ಕಾರಣ ಸಿಗುತ್ತದೆ. ಹೊಂದದ ಕಥೆ ಹೇಳಿದರೆ ಮುಚ್ಚಲು ಸಿಗುತ್ತದೆ.

ಎರಡನೆಯ ಅಪೀಲನ್ನು ಅದೇ ಫಾರಂಗೆ ಹಾಕಲಿಲ್ಲ. 2021ರ ಐಟಿ ನಿಯಮಗಳ ಪ್ರಕಾರ ಇಲ್ಲಿ ಸೇವೆ ಕೊಡುವ ಇಂಥ ಮಧ್ಯಸ್ಥ ಕಂಪನಿಗಳು ಒಬ್ಬ ಕುಂದುಕೊರತೆ ಅಧಿಕಾರಿಯ ಹೆಸರು, ವಿಳಾಸವನ್ನು ಪ್ರಕಟಿಸಬೇಕು. ಆ್ಯಪ್‌ನ ಪ್ರೈವಸಿ ಪಾಲಿಸಿಯ ಕೆಳಗೋ, ವೆಬ್‌ಸೈಟಿನ ಅಡಿಯಲ್ಲೋ ಇರುತ್ತದೆ, ಕಾಣದಷ್ಟು ಸಣ್ಣ ಅಕ್ಷರದಲ್ಲಿ. ದೂರು ತಲುಪಿದೆ ಎಂದು 24 ಗಂಟೆಯೊಳಗೆ ತಿಳಿಸಬೇಕು. ಅಲ್ಲಿಯ ಉತ್ತರವೂ ಒಪ್ಪಿಗೆಯಾಗದಿದ್ದರೆ 2022ರ ತಿದ್ದುಪಡಿಯಿಂದ ಬಂದ ಮೇಲ್ಮನವಿ ಸಮಿತಿ ಇದೆ; ಉತ್ತರ ಬಂದ 30 ದಿನದೊಳಗೆ gac.gov.in ಎಂಬಲ್ಲಿ ಆನ್‌ಲೈನ್‌ನಲ್ಲೇ ಹಾಕಬಹುದು. ಸಮಿತಿಗೆ ಹೋದರೆ ಐಡಿ ಬಂದೇ ಬರುತ್ತದೆ ಎಂದಲ್ಲ. ಕಂಪನಿಯ ನಿಯಮವನ್ನೇ ಮುರಿದಿದ್ದರೆ ಅವರೇನು ಮಾಡಿಯಾರು? ಆದರೆ ಯಂತ್ರದ ಉತ್ತರದಿಂದ ಮನುಷ್ಯರ ಉತ್ತರಕ್ಕೆ ಸಾಗುವ ದಾರಿ ಅದು. ನಮಗೆ ಅಲ್ಲಿಯತನಕ ಹೋಗುವ ಪ್ರಸಂಗ ಬರಲಿಲ್ಲ. ಅಧಿಕಾರಿಗೆ ಬರೆದ ಹನ್ನೊಂದನೆಯ ದಿನ ಖಾತೆ ವಾಪಸ್ ಬಂತು. ಅವಳ ಖಾತೆ ಮಾತ್ರ. ಪತ್ರದ ಕೊನೆಯಲ್ಲಿ ಒಂದು ಸಾಲು: ಈ ಸಾಧನದ ಮೇಲಿನ ನಿರ್ಬಂಧ ಮುಂದುವರಿಯುತ್ತದೆ.

ಅಂದರೆ ಮೂರು ಕಾರಣಗಳಲ್ಲಿ ಎರಡು ಒಟ್ಟಿಗೇ ಇದ್ದವು. ಅವಳ ಖಾತೆಗೆ ಬ್ಯಾನ್ ಬಿದ್ದಾಗಲೇ ಫೋನಿನ ಮೇಲೂ ಚುಕ್ಕಿ ಬಿದ್ದಿತ್ತು, ಮೇಲಿನ ಸಂದೇಶ ಅದನ್ನು ಮುಚ್ಚಿತ್ತು.

ದೀಪಾವಳಿಗೆ ಅವಳಪ್ಪ ಹೊಸ ಫೋನು ಕೊಡಿಸಿದರು. ಹಳೆಯದನ್ನು ಮಾರುವ ಮೊದಲು ಅವಳೇ ಕೇಳಿದಳು, "ಅಣ್ಣ, ತಗೊಳ್ಳೋರಿಗೆ ಇದನ್ನ ಹೇಳಬೇಕಾ? ರೀಸೆಟ್ ಮಾಡಿದ್ರೆ ಗೊತ್ತಾಗಲ್ಲ ಅಲ್ವಾ?" ಗೊತ್ತಾಗುವುದಿಲ್ಲ, ನಿಜ. ಹಳೆಯ ಫೋನು ಕೊಳ್ಳುವವರು ಹೆಚ್ಚೆಂದರೆ KYM ಎಂದು ಬರೆದು ಐಎಂಇಐ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸುತ್ತಾರೆ. ಕದ್ದದ್ದೆಂದು ತಡೆಹಿಡಿದ ಫೋನಾದರೆ ಅದು ಹೇಳುತ್ತದೆ. ಯಾವುದೋ ಆಟದ ಕಂಪನಿಯ ಒಂದು ಬಿಟ್‌ನ ಸಂಗತಿ ಸರ್ಕಾರಕ್ಕೂ ಗೊತ್ತಿಲ್ಲ, ನ್ಯಾಷನಲ್ ಮಾರ್ಕೆಟ್‌ನ ಅಂಗಡಿಯವನಿಗೂ ಗೊತ್ತಿಲ್ಲ. ಕೊಂಡವನ ಮಗ ಆಟ ಹಾಕಿ, ತನ್ನ ಖಾತೆಯಿಂದ ಒಳಗೆ ಹೋದಾಗಲೇ ಗೊತ್ತಾಗುವುದು. ಅವನ ಮೇಲೂ ಅನುಮಾನ ಬಿದ್ದಾಗ ಅವನ ಕೈಯಲ್ಲಿ ಇರಬೇಕಾದದ್ದು ಒಂದೇ, ತಾರೀಖಿರುವ ಒಂದು ರಸೀದಿ. ಆಪಲ್‌ನ ಉತ್ತರದಲ್ಲಿ ತಿಂಗಳು ಇರುವುದು ಇಂಥಲ್ಲಿ ಉಪಯೋಗಕ್ಕೆ ಬರುತ್ತದೆ: ಚುಕ್ಕಿ ಬಿದ್ದದ್ದು ಮಾರ್ಚ್‌ನಲ್ಲಿ, ಕೊಂಡದ್ದು ನವೆಂಬರ್‌ನಲ್ಲಿ ಎಂದು ತೋರಿಸಿದರೆ ಕಂಪನಿ ಬೇಕಾದರೆ ಅಳಿಸಬಹುದು.

ಅವಳು ಹೇಳಿಯೇ ಮಾರಿದಳು. ಇದರಲ್ಲಿ ಈ ಒಂದು ಆಟ ನಡೆಯುವುದಿಲ್ಲ, ಬೇರೆಲ್ಲ ಸರಿಯಿದೆ ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿಕೊಟ್ಟಳು. ಬೆಲೆಯಲ್ಲಿ ಐನೂರು ಬಿಟ್ಟಳು. ಕೊಂಡವರು ಬಡಾವಣೆಯ ಆಟೋದವರು. ಆಟದ ಹೆಸರು ಕೇಳಿ ನಕ್ಕು, "ನಂಗೆ ಮ್ಯಾಪ್ ಒಂದ್ ಓಡಿದ್ರೆ ಸಾಕಮ್ಮ" ಅಂದರಂತೆ. ಆ ಐನೂರನ್ನು ತಮ್ಮನ ಪಾಕೆಟ್ ಮನಿಯಲ್ಲಿ ಹಿಡಿದುಕೊಂಡಿದ್ದಾಳೆ.